ಚಟುವಟಿಕೆ ಆಧಾರಿತ ವೆಚ್ಚ ನಿರ್ಣಯ

ಕಾರ್ಖಾನೆಯ ಮೇಲ್ವೆಚ್ಚವನ್ನು, ಅಂದರೆ ಯಾವುದೇ ಒಂದು ವಸ್ತುವಿಗೆ ನೇರವಾಗಿ ಸೇರಿಸಲಾಗದ ಖರ್ಚನ್ನು, ಅದು ಯಾವ ಕೆಲಸಗಳಿಂದ ಹುಟ್ಟುತ್ತದೆಯೋ ಆ ಕೆಲಸಗಳ ಮೂಲಕ ವಸ್ತುಗಳಿಗೆ ಹಂಚುವ ಲೆಕ್ಕಪದ್ಧತಿಯೇ ಚಟುವಟಿಕೆ ಆಧಾರಿತ ವೆಚ್ಚ ನಿರ್ಣಯ. ಇದಕ್ಕೆ ಮುಂಚೆ ವ್ಯಾಪಕವಾಗಿ ಬಳಕೆಯಲ್ಲಿದ್ದ ವಿಧಾನದಲ್ಲಿ ಇಡೀ ಮೇಲ್ವೆಚ್ಚವನ್ನು ಒಟ್ಟು ಕಾರ್ಮಿಕ ಗಂಟೆಗಳಿಂದ ಭಾಗಿಸಿ, ಬಂದ ಒಂದೇ ದರವನ್ನು ಎಲ್ಲ ವಸ್ತುಗಳಿಗೂ ಅನ್ವಯಿಸಲಾಗುತ್ತಿತ್ತು. ಕೂಲಿಯೇ ದೊಡ್ಡ ಖರ್ಚಾಗಿದ್ದು ಮೇಲ್ವೆಚ್ಚ ಚಿಕ್ಕದಾಗಿದ್ದ ಕಾಲದಲ್ಲಿ ಈ ವಿಧಾನದ ತಪ್ಪು ಅಷ್ಟಾಗಿ ಬಾಧಿಸಲಿಲ್ಲ. ಯಂತ್ರಗಳು ಹೆಚ್ಚಿ ಕೂಲಿಯ ಪಾಲು ಕುಗ್ಗಿದಂತೆ ಆ ತಪ್ಪು ಬೆಳೆಯಿತು. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚರ್ಚ್ ಎಂಬ ಇಂಗ್ಲಿಷ್ ಇಂಜಿನಿಯರ್ 1901ರಷ್ಟು ಹಿಂದೆಯೇ ಕೂಲಿಯ ಆಧಾರದ ಹಂಚಿಕೆಯನ್ನು ಆಕ್ಷೇಪಿಸಿ, ಪ್ರತಿ ಯಂತ್ರವನ್ನೂ ಪ್ರತ್ಯೇಕ ಉತ್ಪಾದನಾ ಕೇಂದ್ರವೆಂದು ಎಣಿಸಬೇಕೆಂದು ವಾದಿಸಿದ್ದರಾದರೂ, ಅಷ್ಟು ವಿವರವಾದ ಲೆಕ್ಕವನ್ನು ಕೈಬರಹದಲ್ಲಿ ಇಡುವುದು ಅಂದಿಗೆ ದುಬಾರಿಯಾಗಿತ್ತು.

ಪದ್ಧತಿಗೆ ಇಂದಿನ ರೂಪ ಬಂದದ್ದು 1980ರ ದಶಕದ ಅಮೆರಿಕದಲ್ಲಿ. ಅಯೋವಾ ರಾಜ್ಯದ ವಾಟರ್‌ಲೂವಿನಲ್ಲಿದ್ದ ಜಾನ್ ಡೀರ್ ಕಂಪನಿಯ ಬಿಡಿಭಾಗ ಘಟಕವು 1984ರಲ್ಲಿ 275 ಭಾಗಗಳಿಗೆ ಬೆಲೆ ಕೂಗಿ 58ನ್ನು ಮಾತ್ರ ಗೆದ್ದಿತು. ಸಾವಿರಗಟ್ಟಲೆ ಸಂಖ್ಯೆಯಲ್ಲಿ ತಯಾರಿಸಲೆಂದೇ ಅಳವಡಿಸಿದ ಯಂತ್ರಗಳಿದ್ದರೂ ಅದಕ್ಕೆ ದಕ್ಕಿದವು ಬಹುಪಾಲು ಸಣ್ಣ ಪ್ರಮಾಣದ ಭಾಗಗಳೇ ಆಗಿದ್ದುದು ಲೆಕ್ಕದಲ್ಲಿಯೇ ದೋಷವಿದೆ ಎಂಬುದರ ಸ್ಪಷ್ಟ ಸೂಚನೆಯಾಗಿತ್ತು. ಅಲ್ಲಿನ ಸಿಬ್ಬಂದಿ ಮೇಲ್ವೆಚ್ಚವನ್ನು ಏಳು ಚಟುವಟಿಕೆಗಳಾಗಿ ಬಿಡಿಸಿ ಪ್ರತಿಯೊಂದಕ್ಕೂ ಬೇರೆ ದರ ಕಟ್ಟಿದರು. ಪದ್ಧತಿಯ ಹೆಸರೂ ಅಲ್ಲಿಂದಲೇ ಬಂದಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲನ್ ಈ ಪ್ರಕರಣವನ್ನೂ ಇಂಥ ಇತರ ಪ್ರಕರಣಗಳನ್ನೂ ಅಧ್ಯಯನ ಮಾಡಿ ವಿಧಾನವನ್ನು ಶಾಸ್ತ್ರಬದ್ಧಗೊಳಿಸಿದರು.

ಎರಡು ಪದ್ಧತಿಗಳ ವ್ಯತ್ಯಾಸ ಒಂದು ಕಲ್ಪಿತ ಲೆಕ್ಕದಿಂದ ತಿಳಿಯುತ್ತದೆ. ಒಂದು ಕಾರ್ಖಾನೆ ವರ್ಷಕ್ಕೆ 9,000 ದೊಡ್ಡ ಶಾಫ್ಟ್‌ಗಳನ್ನೂ 1,000 ಚಿಕ್ಕ ಶಾಫ್ಟ್‌ಗಳನ್ನೂ ತಯಾರಿಸುತ್ತದೆ. ಪ್ರತಿಯೊಂದಕ್ಕೂ ಒಂದು ಕಾರ್ಮಿಕ ಗಂಟೆ, ಒಂದು ಯಂತ್ರ ಗಂಟೆ ಬೇಕು. ಮೇಲ್ವೆಚ್ಚ 10 ಲಕ್ಷ ರೂಪಾಯಿ. ಒಂದೇ ದರದ ಲೆಕ್ಕದಲ್ಲಿ ಪ್ರತಿ ಶಾಫ್ಟಿಗೂ 100 ರೂಪಾಯಿ ಬೀಳುತ್ತದೆ. ಆದರೆ ಆ ಹಣ ಹೋದದ್ದೆಲ್ಲಿಗೆ ಎಂದು ವಿಚಾರಿಸಿದರೆ, ಯಂತ್ರ ಓಡಿಸಲು 4 ಲಕ್ಷ, ಹೊಸ ಬ್ಯಾಚಿನ ಕೆಲಸ ಶುರುವಾಗುವ ಮುನ್ನ ಯಂತ್ರಕ್ಕೆ ಬೇಕಾದ ಸೆಟ್ಟಿಂಗ್‌ಗೆ 3.6 ಲಕ್ಷ, ನಕ್ಷೆ, ದಾಖಲೆ ಮತ್ತು ತಪಾಸಣಾ ವಿಧಾನಗಳನ್ನು ನೋಡಿಕೊಳ್ಳಲು 2.4 ಲಕ್ಷ ಎಂದು ತಿಳಿಯುತ್ತದೆ. ದೊಡ್ಡ ಶಾಫ್ಟ್ 50 ಬ್ಯಾಚ್‌ಗಳಲ್ಲಿ ತಯಾರಾದರೆ, ಹತ್ತು ಹತ್ತರಂತೆ ಬೇಡಿಕೆ ಬರುವ ಚಿಕ್ಕದು 100 ಬ್ಯಾಚ್‌ಗಳಲ್ಲಿ ತಯಾರಾಗುತ್ತದೆ. ಆದ್ದರಿಂದ ಸೆಟ್ಟಿಂಗ್ ಒಂದಕ್ಕೆ 2,400 ರೂಪಾಯಿ. ನಕ್ಷೆ ಮತ್ತು ದಾಖಲೆಯ ಕೆಲಸ ಸಂಖ್ಯೆಯನ್ನು ಅವಲಂಬಿಸದೆ ಎರಡಕ್ಕೂ ಸಮನಾಗಿರುವುದರಿಂದ ತಲಾ 1.2 ಲಕ್ಷ. ಯಂತ್ರ ಗಂಟೆಗೆ 40 ರೂಪಾಯಿಯಂತೆ ಸೇರಿಸಿದಾಗ ದೊಡ್ಡ ಶಾಫ್ಟ್‌ಗಳ ಪಾಲು 6 ಲಕ್ಷ, ಚಿಕ್ಕವುಗಳದು 4 ಲಕ್ಷ. ಅಂದರೆ ದೊಡ್ಡದಕ್ಕೆ ಸುಮಾರು 67 ರೂಪಾಯಿ, ಚಿಕ್ಕದಕ್ಕೆ 400 ರೂಪಾಯಿ. ಹಳೆಯ ಲೆಕ್ಕದಲ್ಲಿ ದೊಡ್ಡ ಶಾಫ್ಟ್ ಚಿಕ್ಕದರ ಖರ್ಚನ್ನು ಹೊತ್ತಿತ್ತು. ವಾಟರ್‌ಲೂವಿನ ಘಟಕವು ದೊಡ್ಡ ಪ್ರಮಾಣದ ಭಾಗಗಳನ್ನು ಸೋತು ಸಣ್ಣವನ್ನು ಗೆದ್ದದ್ದಕ್ಕೆ ಮೂಲವೂ ಇದೇ ಬಗೆಯ ಏರುಪೇರು.

ಇಲ್ಲಿ ಸೆಟ್ಟಿಂಗ್‌ಗಳ ಸಂಖ್ಯೆಯಂಥ ಅಳತೆಯನ್ನು ವೆಚ್ಚ ಪ್ರೇರಕ ಎನ್ನುತ್ತಾರೆ. ಕೂಪರ್ ಚಟುವಟಿಕೆಗಳನ್ನು ನಾಲ್ಕು ಮಟ್ಟಗಳಲ್ಲಿ ಗುರುತಿಸಿದರು: ಪ್ರತಿ ವಸ್ತುವಿಗೆ ನಡೆಯುವವು, ಪ್ರತಿ ಬ್ಯಾಚಿಗೆ ನಡೆಯುವವು, ಒಂದು ಬಗೆಯ ವಸ್ತುವನ್ನು ಉಳಿಸಿಕೊಳ್ಳಲು ನಡೆಯುವವು, ಇಡೀ ಕಾರ್ಖಾನೆಗಾಗಿ ನಡೆಯುವವು. ಕೊನೆಯ ಮಟ್ಟದ ಖರ್ಚಿಗೆ, ಉದಾಹರಣೆಗೆ ಕಟ್ಟಡದ ಬಾಡಿಗೆಗೆ, ನ್ಯಾಯವಾದ ಪ್ರೇರಕವೇ ಸಿಗುವುದಿಲ್ಲವಾದ್ದರಿಂದ ಅದನ್ನು ವಸ್ತುಗಳ ಮೇಲೆ ಹೇರದಿರುವುದೇ ಲೇಸು. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಚಿಕ್ಕ ಶಾಫ್ಟನ್ನು ನಿಲ್ಲಿಸಿದ ಮಾತ್ರಕ್ಕೆ 4 ಲಕ್ಷ ಉಳಿಯುವುದಿಲ್ಲ, ಏಕೆಂದರೆ ಸೆಟ್ಟಿಂಗ್ ಮಾಡುವವರ ಸಂಬಳ ಆಗಲೂ ನಡೆಯುತ್ತಲೇ ಇರುತ್ತದೆ.

ಪದ್ಧತಿ ಹರಡಿದಂತೆ ಅದರ ತೊಡಕುಗಳೂ ಕಂಡವು. ಯಾರ ಸಮಯ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಸಿಬ್ಬಂದಿಯನ್ನು ವಿಚಾರಿಸಿ ಶೇಕಡಾವಾರು ಪಡೆಯಬೇಕಿತ್ತು. ಬಿಡುವಿನ ಸಮಯವನ್ನು ಯಾರೂ ತಾವಾಗಿ ತೋರಿಸದ ಕಾರಣ ಎಲ್ಲರ ಲೆಕ್ಕವೂ ನೂರಕ್ಕೆ ನೂರು ಆಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಕಪ್ಲನ್ ಮತ್ತು ಸ್ಟೀವನ್ ಆಂಡರ್ಸನ್ 2004ರಲ್ಲಿ ಸಮಯ ಆಧಾರಿತ ರೂಪವನ್ನು ಮುಂದಿಟ್ಟರು. ಮೇಲಿನ ಲೆಕ್ಕದಲ್ಲಿ ಸೆಟ್ಟಿಂಗ್ ಸಿಬ್ಬಂದಿಯ ವಾರ್ಷಿಕ ಸಾಮರ್ಥ್ಯ 1,800 ಗಂಟೆಯಾದರೆ ಗಂಟೆಗೆ 200 ರೂಪಾಯಿ. ಒಂದು ಸೆಟ್ಟಿಂಗ್‌ಗೆ 10 ಗಂಟೆ ಹಿಡಿದರೆ ಅದರ ದರ 2,400 ಅಲ್ಲ, 2,000. ಬಳಕೆಯಾಗದ 300 ಗಂಟೆಗಳ 60,000 ರೂಪಾಯಿ ಯಾವ ಶಾಫ್ಟಿನ ಬೆಲೆಯಲ್ಲೂ ಅಡಗದೆ ಆಡಳಿತದ ಮುಂದೆ ಪ್ರತ್ಯೇಕ ಸಾಲಾಗಿ ಬರುತ್ತದೆ.