ಕಾದು ಹೊರಡುವ ಸಂದೇಶ

ಇಂದು ಬರೆದ ಸಂದೇಶ ನಾಳೆ ನಿಗದಿತ ಹೊತ್ತಿಗೆ ತಾನಾಗಿ ಹೋಗುವ ಸೌಲಭ್ಯ ಹಲವು ಆ್ಯಪ್‌ಗಳಲ್ಲಿ ಇಲ್ಲದಿರುವುದಕ್ಕೆ ಗೂಢಲಿಪಿಯೇ ಕಾರಣವೆಂಬ ವಾದ ಈಗ ಚಾಲ್ತಿಯಲ್ಲಿದೆಯಾದರೂ, ಎರಡು ತುದಿಗಳ ನಡುವಿನ ಗೂಢಲಿಪಿಯ ಸೋಂಕೇ ಇಲ್ಲದ ಎಸ್ಸೆಮ್ಮೆಸ್ ಕಾಲದಲ್ಲೂ ಜಾಲವು ಈ ಸೌಲಭ್ಯವನ್ನು ಜನಸಾಮಾನ್ಯರಿಗೆ ಕೊಟ್ಟಿರಲಿಲ್ಲ.

ಮೊಬೈಲಿನಿಂದ ಸಂದೇಶ ಕೇಂದ್ರಕ್ಕೆ ಹೋಗುವ ಎಸ್ಸೆಮ್ಮೆಸ್‌ನ ನಮೂನೆಯಲ್ಲಿ ಅದು ಎಷ್ಟು ಹೊತ್ತಿನವರೆಗೆ ಸಿಂಧು ಎಂದು ಹೇಳಲು ಜಾಗವಿದೆಯೇ ಹೊರತು ಯಾವಾಗ ಹೊರಡಬೇಕೆಂದು ಹೇಳಲು ಜಾಗವಿಲ್ಲ. ಆದರೆ ಕಂಪನಿಗಳು ರಾಶಿರಾಶಿ ಸಂದೇಶ ಕಳುಹಿಸಲು ಬಳಸುವ ಎಸ್‌ಎಮ್‌ಪಿಪಿ ಎಂಬ ನಿಯಮಾವಳಿಯಲ್ಲಿ `schedule_delivery_time` ಎಂಬ ಅಂಕಣವೇ ಇದ್ದು, 2024ರ ಅಕ್ಟೋಬರ್ 31ರ ಬೆಳಿಗ್ಗೆ ಹತ್ತು ಗಂಟೆಯನ್ನು ಅದರಲ್ಲಿ ಹೀಗೆ ಬರೆಯಲಾಗುತ್ತದೆ:

```
241031100000022+
```

ಕೊನೆಯ 22 ಎಂದರೆ ಭಾರತದ ಸಮಯವು ಜಾಗತಿಕ ಸಮಯಕ್ಕಿಂತ ಇಪ್ಪತ್ತೆರಡು ಕಾಲುಗಂಟೆ, ಅಂದರೆ ಐದೂವರೆ ಗಂಟೆ ಮುಂದಿದೆ ಎಂದರ್ಥ. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2010ರ ನಿಯಮದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಒಂಬತ್ತರವರೆಗೆ ಪ್ರಚಾರ ಸಂದೇಶಗಳನ್ನು ನಿಷೇಧಿಸಿದ ಮೇಲೆ, ರಾತ್ರಿ ಸಿದ್ಧಪಡಿಸಿದ ಜಾಹೀರಾತನ್ನು ಬೆಳಗಿನವರೆಗೆ ತಡೆದಿಡುವುದು ಗುರುಗ್ರಾಮ, ನೋಯ್ಡಾಗಳ ಮಾರಾಟಗಾರರಿಗೂ ಅನಿವಾರ್ಯವಾಯಿತು. ವ್ಯಾಪಾರಿಗೆ ಹೀಗೆ ಕಾನೂನೇ ಗಡಿಯಾರ ಹಿಡಿದು ನಿಂತಿತು. ಮಗನಿಗೆ ಹುಟ್ಟುಹಬ್ಬದ ಶುಭಾಶಯ ಹೇಳುವ ತಾಯಿಗೆ ಇಂಥ ಸೌಲಭ್ಯದ ಅಗತ್ಯವಿದೆಯೆಂದು ಯಾರಿಗೂ ತೋರಲಿಲ್ಲ.

ಸ್ಮಾರ್ಟ್‌ಫೋನ್ ಬಂದ ಮೇಲೆ ಎರಡು ದಾರಿಗಳು ತೆರೆದುಕೊಂಡವು. ಮೊದಲನೆಯದು ಸಂದೇಶವನ್ನು ಫೋನಿನಲ್ಲೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕಳುಹಿಸುವುದು; ಆಂಡ್ರಾಯ್ಡ್‌ನಲ್ಲಿ ಗೂಗಲ್ ಮೆಸೇಜಸ್ ಮತ್ತು ಸಿಗ್ನಲ್ ಹೀಗೆಯೇ ಮಾಡುತ್ತವೆ. ಬರಹ ಫೋನಿನಿಂದ ಹೊರಗೆ ಹೋಗದಿರುವುದರಿಂದ ಖಾಸಗಿತನದ ದೃಷ್ಟಿಯಿಂದ ಇದೇ ನಿಷ್ಕಳಂಕ ಮಾರ್ಗ. ಆದರೆ ನೋಯ್ಡಾದ ಉದ್ಯೋಗಿಯೊಬ್ಬರು ಬೆಳಿಗ್ಗೆ ಆರಕ್ಕೆಂದು ಇಟ್ಟ ಸಂದೇಶ, ರಾತ್ರಿಯೇ ಬ್ಯಾಟರಿ ಮುಗಿದು ಫೋನ್ ಆರಿಹೋದರೆ, ಅದು ಮತ್ತೆ ಹೊತ್ತಿಕೊಳ್ಳುವವರೆಗೆ ಹೊರಡುವುದಿಲ್ಲ. 2015ರಲ್ಲಿ ಬಂದ ಆರನೇ ಆವೃತ್ತಿಯಿಂದ ಆಂಡ್ರಾಯ್ಡ್ ಸುಮ್ಮನೆ ಬಿದ್ದಿರುವ ಫೋನಿನ ಆ್ಯಪ್‌ಗಳನ್ನು ಮಲಗಿಸುತ್ತದೆ. ಐಫೋನ್ ಅಂತೂ ಹಿನ್ನೆಲೆಯ ಆ್ಯಪ್ ಇಂಥದೇ ಗಳಿಗೆಗೆ ಏಳುತ್ತದೆಂದು ಭರವಸೆ ಕೊಡುವುದೇ ಇಲ್ಲ.

ಎರಡನೆಯ ದಾರಿ ಸಂದೇಶವನ್ನು ಸರ್ವರ್‌ನಲ್ಲಿ ಕಾಯಿಸುವುದು. 2019ರಲ್ಲಿ ಟೆಲಿಗ್ರಾಂ ಇದನ್ನು ಸುಲಭವಾಗಿ ಕೊಟ್ಟಿತು, ಏಕೆಂದರೆ ಅದರ ಸಾಮಾನ್ಯ ಮಾತುಕತೆಗೆ ಎರಡು ತುದಿಗಳ ನಡುವಿನ ಬೀಗವಿಲ್ಲ. ಬೀಗವಿರುವ ಗುಪ್ತ ಮಾತುಕತೆಯಲ್ಲಿ ಈ ಸೌಲಭ್ಯವೂ ಇಲ್ಲ. 2016ರಿಂದ ಪೂರ್ಣ ಗೂಢಲಿಪಿಯಲ್ಲಿರುವ ವಾಟ್ಸಾಪ್‌ನಲ್ಲಿ ಪ್ರತಿ ಸಂದೇಶಕ್ಕೂ, ಅದನ್ನು ಪಡೆಯುವ ಪ್ರತಿ ಸಾಧನಕ್ಕೂ ಪ್ರತ್ಯೇಕ ಬೀಗ ಬೀಳುತ್ತದೆ. ಕಾಯುವ ಅವಧಿಯಲ್ಲಿ ಆಚೆಯವರು ಫೋನ್ ಬದಲಿಸಿದರೆ ಹಳೆಯ ಬೀಗದ ಕಟ್ಟು ಹೊಸ ಫೋನಿನಲ್ಲಿ ತೆರೆಯದು, ಹೊಸ ಬೀಗ ಹಾಕಲು ಕಳುಹಿಸಿದವರ ಫೋನೇ ಎಚ್ಚರವಿರಬೇಕು. ಇದು ನಿಜವಾದ ತೊಡಕೇ ಹೌದು, ಅಸಾಧ್ಯವೆಂಬುದಕ್ಕೆ ಸಾಕ್ಷಿಯಲ್ಲ. 2024ರ ಐಓಎಸ್ 18ರಲ್ಲಿ ಆ್ಯಪಲ್ ತನ್ನ ಐಮೆಸೇಜ್ ಸಂದೇಶಗಳನ್ನು ಗೂಢಲಿಪಿಯಲ್ಲೇ ಸರ್ವರ್‌ನಲ್ಲಿಟ್ಟು, ಹದಿನಾಲ್ಕು ದಿನಗಳವರೆಗೆ ಕಾಯಿಸುವ ಏರ್ಪಾಡು ಮಾಡಿತು.

ಕೊರತೆಯಿರುವುದು ಗಣಿತದಲ್ಲಲ್ಲ, ತಡವಾದರೆ ಯಾರು ಹೊಣೆ ಎಂಬುದನ್ನು ಬಳಕೆದಾರರಿಗೆ ಬಿಡಿಸಿ ಹೇಳುವ ಮನಸ್ಸಿನಲ್ಲಿ. ಸಂದೇಶ ಫೋನಿನಲ್ಲಿ ಕಾಯುತ್ತಿದೆಯೋ ಸರ್ವರ್‌ನಲ್ಲೋ ಎಂಬುದನ್ನು ಸಮಯ ಆರಿಸುವ ಪರದೆಯಲ್ಲೇ ಒಂದು ಸಾಲಿನಲ್ಲಿ ತಿಳಿಸಿದರೆ ಆ ಕೆಲಸ ಮುಗಿಯುತ್ತದೆ.