ಕವಲು, ಸೀಳು, ಬೆಂಡು: ಕ್ಯಾರೆಟ್‌, ಮೂಲಂಗಿಯಲ್ಲಿ ಯಾವ ದೋಷಕ್ಕೆ ಬೆಲೆ ಕಡಿಯಬೇಕು?

ಎರಡು ಕಾಲಿನ ಕ್ಯಾರೆಟ್ ಕಂಡರೆ ಗಿರಾಕಿಗಳು ಪಕ್ಕಕ್ಕೆ ಸರಿಸುತ್ತಾರೆ. ಬೆಳ್ಳಗೆ, ನೆಟ್ಟಗೆ, ದಪ್ಪಗಿರುವ ಮೂಲಂಗಿಯನ್ನು ಖುಷಿಯಿಂದ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಹೆಚ್ಚಿದಾಗ ಕೆಲವೊಮ್ಮೆ ಲೆಕ್ಕ ಉಲ್ಟಾ ಆಗುತ್ತದೆ. ವಕ್ರ ಕ್ಯಾರೆಟ್ ಸಿಹಿಯಾಗಿರುತ್ತದೆ, ಚೆಂದದ ಮೂಲಂಗಿಯೊಳಗೆ ಹತ್ತಿಯಂಥ ಬೆಂಡು ಇರುತ್ತದೆ. ಕವಲು, ಸೀಳು, ಬೆಂಡು ಮೂರನ್ನೂ ಅಂಗಡಿಯಲ್ಲಿ ‘ಸೆಕೆಂಡ್ಸ್’ ಎಂದು ಒಂದೇ ರಾಶಿಗೆ ಹಾಕುವುದುಂಟು. ಆದರೆ ತಿನ್ನುವವರಿಗೆ ಈ ಮೂರೂ ಒಂದೇ ಅಲ್ಲ.

ಕವಲು: ನಷ್ಟ ಸಿಪ್ಪೆಯಲ್ಲಿ ಮಾತ್ರ

ಬೀಜ ಮೊಳೆತ ಮೊದಲ ಕೆಲವು ವಾರಗಳಲ್ಲಿ ತಾಯಿಬೇರು ನೇರವಾಗಿ ಕೆಳಗಿಳಿಯುತ್ತದೆ. ಆಗ ಅದರ ತುದಿಗೆ ಕಲ್ಲೋ ಹೆಂಟೆಯೋ ಗಟ್ಟಿ ಮಣ್ಣಿನ ಪದರವೋ ಅಡ್ಡ ಬಂದರೆ ತುದಿ ನಿಲ್ಲುತ್ತದೆ, ಪಕ್ಕದ ಬೇರುಗಳು ದಪ್ಪವಾಗುತ್ತವೆ. ಸಸಿ ಕಿತ್ತು ನೆಟ್ಟರೂ ಹೀಗೇ ಆಗುತ್ತದೆ. ಅದಕ್ಕೇ ಕ್ಯಾರೆಟ್, ಮೂಲಂಗಿಯನ್ನು ನಾಟಿ ಮಾಡದೆ ಬೀಜವನ್ನೇ ನೇರವಾಗಿ ಬಿತ್ತುತ್ತಾರೆ. ಕವಲಿನ ಜೊತೆ ಸಣ್ಣ ಗಂಟುಗಳೂ ಇದ್ದರೆ ಬೇರುಗಂಟು ನೆಮಟೋಡ್ ಕಾರಣವಿರಬಹುದು. ಅದು ಹೊಲಕ್ಕೆ ಚಿಂತೆಯ ವಿಷಯ. ಗಂಟು ಹೆರೆದು ಬೇಯಿಸಿ ತಿಂದರೆ ತೊಂದರೆಯಿಲ್ಲ.

ರುಚಿ ಬದಲಾಗುವುದಿಲ್ಲ. ಸಂದಿಯ ಮಣ್ಣು ತೊಳೆಯುವುದು ಕಷ್ಟ, ಸಿಪ್ಪೆ ಹೆಚ್ಚು ಹೋಗುತ್ತದೆ, ಅಷ್ಟೇ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ನೇರ ಕ್ಯಾರೆಟ್ ಕೆಜಿಗೆ 40 ರೂಪಾಯಿ, ಹೆರೆದ ಮೇಲೆ 900 ಗ್ರಾಂ ಉಳಿಯಿತು. ಕವಲಿನದು ಒಂದು ಕೆಜಿಗೆ 780 ಗ್ರಾಂ ಉಳಿಯಿತು. ಉಳಿದ ತೂಕದ ಲೆಕ್ಕದಲ್ಲಿ ಕವಲಿನದಕ್ಕೂ ಸುಮಾರು 35 ರೂಪಾಯಿ ಬೆಲೆಯಿದೆ. ಕಡಿಯಬೇಕಾದದ್ದು 5 ರೂಪಾಯಿ. ಅರ್ಧ ರೇಟಿಗೆ ಇಳಿಸಿದರೆ ಬೆಳೆದವರಿಗೆ ಅನ್ಯಾಯ, ಅರ್ಧ ರೇಟಿಗೆ ಸಿಕ್ಕರೆ ಕೊಂಡವರಿಗೆ ಲಾಭ.

ಸೀಳು: ಹಳೆಯದೋ ಹೊಸದೋ ನೋಡಿ

ಮಣ್ಣು ಒಣಗಿದ್ದಾಗ ಬೇರಿನ ಹೊರಪದರ ಬಿಗಿಯಾಗುತ್ತದೆ. ಆಮೇಲೆ ಒಮ್ಮೆಲೇ ಜೋರು ಮಳೆ ಬಂದರೆ ಅಥವಾ ಹೆಚ್ಚು ನೀರು ಕೊಟ್ಟರೆ ಒಳಭಾಗ ಬೇಗ ಉಬ್ಬುತ್ತದೆ, ಹೊರಗಿನದು ತಡೆಯಲಾರದೆ ಬಿರಿಯುತ್ತದೆ. ಬಲಿತ ಬೆಳೆಯನ್ನು ಕೀಳದೆ ಬಿಟ್ಟರೂ ಇದೇ ಗತಿ. ಹೊಲದಲ್ಲೇ ಆದ ಹಳೆ ಸೀಳಿನ ಅಂಚು ಒಣಗಿ, ಕಂದಾಗಿ, ಒರಟಾಗಿರುತ್ತದೆ. ಆ ಭಾಗ ಕೆತ್ತಿ ಉಳಿದದ್ದನ್ನು ಧಾರಾಳವಾಗಿ ಬಳಸಬಹುದು.

ಕಿತ್ತ ಮೇಲೆ, ಚೀಲ ಎತ್ತಿ ಎಸೆದಾಗ ಆದ ಸೀಳು ಹಸಿಯಾಗಿರುತ್ತದೆ. ಅದೂ ಅಂದೇ ಅಡುಗೆಗೆ ಒಳ್ಳೆಯದೇ. ಆದರೆ ಒದ್ದೆ ಸೀಳಿನಿಂದ ಕೊಳೆ ಒಳಗಿಳಿಯುತ್ತದೆ, ಪಕ್ಕದವುಗಳಿಗೂ ಹರಡುತ್ತದೆ. ಅಂಗಡಿಯವರು ಇಂಥವನ್ನು ಬೇರೆ ಮಾಡಿ ಮೊದಲು ಮಾರಬೇಕು. ಲೋಳೆ, ಕೆಟ್ಟ ವಾಸನೆ ಇದ್ದರೆ ಎಸೆಯುವುದೇ ಸರಿ.

ಬೆಂಡು: ನಿಜವಾದ ನಷ್ಟ ಇಲ್ಲೇ

ಬೆಂಡು ಮುಖ್ಯವಾಗಿ ಮೂಲಂಗಿಯ ಕಾಟ. ಗಡ್ಡೆ ಬೇಗ ಉಬ್ಬಿ, ವಯಸ್ಸು ಮೀರಿದಾಗ ನಡುವಿನ ಜೀವಕೋಶಗಳು ಬರಿದಾಗಿ ಅಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಬಿಸಿಲು ಕಾಲದಲ್ಲಿ, ಹೂವಿನ ದಂಟು ಏಳುವ ಹೊತ್ತಿಗೆ ಇದು ಜಾಸ್ತಿ. ತಿಂದರೆ ವಿಷವೇನಲ್ಲ. ಆದರೆ ರಸವಿಲ್ಲ, ಗರಿಗರಿ ಇಲ್ಲ, ಸಾಂಬಾರಿಗೆ ಹಾಕಿದರೂ ಸ್ಪಂಜಿನಂತೆ ಸಪ್ಪೆಯಾಗೇ ಇರುತ್ತದೆ. ನಡುಭಾಗ ತೆಗೆದು ಸುತ್ತಲಿನ ಗಟ್ಟಿ ಭಾಗ ಮಾತ್ರ ಬಳಸಬಹುದು. ಸೊಪ್ಪು ಎಳೆಯದಿದ್ದರೆ ಪಲ್ಯಕ್ಕಾಗುತ್ತದೆ.

ಕತ್ತರಿಸದೆ ಪತ್ತೆ ಹಚ್ಚಲು ಎರಡು ದಾರಿ ಇವೆ. ಒಂದು, ಒಂದೇ ಗಾತ್ರದ ಎರಡನ್ನು ಎರಡು ಕೈಯಲ್ಲಿ ಹಿಡಿಯಿರಿ, ಹಗುರವಾದದ್ದರ ಮೇಲೆ ಅನುಮಾನಪಡಿ. ಇನ್ನೊಂದು, ಸೊಪ್ಪು ಇದ್ದರೆ ಹೊರಗಿನ ಹಳೆ ಎಲೆಯ ದಂಟನ್ನು ಬುಡದಿಂದ ಒಂದೆರಡು ಅಂಗುಲ ಮೇಲೆ ಮುರಿಯಿರಿ. ದಂಟಿನೊಳಗೆ ಬೆಂಡೋ ಟೊಳ್ಳೋ ಕಂಡರೆ ಗಡ್ಡೆಯಲ್ಲೂ ಬೆಂಡು ಶುರುವಾಗಿರುವ ಸಾಧ್ಯತೆ ಹೆಚ್ಚು. ರಾಶಿಯೇ ಕೊಳ್ಳುವ ಅಂಗಡಿಯವರು ಅತಿ ದಪ್ಪನೆಯದನ್ನು ಒಂದೆರಡು ಅಡ್ಡಡ್ಡ ಕತ್ತರಿಸಿ ನೋಡುವುದೇ ವಾಸಿ.

ಬಾಡಿದ್ದನ್ನು ಬೆಂಡು ಎಂದು ತಿಳಿಯಬಾರದು. ಬಾಡಿದ ಮೂಲಂಗಿ ಬಾಗುತ್ತದೆ, ಒಳಗೆ ಬಣ್ಣ ಒಂದೇ ಸಮ ಇರುತ್ತದೆ. ಒಂದು ಗಂಟೆ ತಣ್ಣೀರಲ್ಲಿಟ್ಟರೆ ಚೇತರಿಸಿಕೊಳ್ಳುತ್ತದೆ. ಬೆಂಡಾದದ್ದಕ್ಕೆ ನೀರು ಮದ್ದಲ್ಲ.

ಬೆಳೆಗಾರರಿಗೆ ಉಪಾಯವೆಂದರೆ ತಳಿಗೆ ಹೇಳಿದ ದಿನ ಮೀರದಂತೆ ಕೀಳುವುದು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ನಿಶಾಂತ್’ ಬೆಂಡು, ಕವಲು ಎರಡನ್ನೂ ತಡೆಯುವ ತಳಿ. ಅದರ ಅವಧಿ 50ರಿಂದ 55 ದಿನ. ರೇಟು ಏರಲಿ, ಇನ್ನಷ್ಟು ದಪ್ಪವಾಗಲಿ ಎಂದು ಕೀಳದೆ ಬಿಟ್ಟರೆ ಹೆಚ್ಚುವುದು ಗಾತ್ರ, ಕೆಡುವುದು ತಿರುಳು.