ಣತ್ವ ಎಲ್ಲಿ ನಿಲ್ಲುತ್ತದೆ? ಲಕ್ಷಣ ಜ್ಯಾಮಿತಿಯ ಇತಿಹಾಸದಲ್ಲಿ ಒಂದು ಸಂಸ್ಕೃತ ನಿಯಮ

ಒಂದು ಧ್ವನಿಯ ಲಕ್ಷಣವು ದೂರದ ಇನ್ನೊಂದು ಧ್ವನಿಗೆ ಹರಡುವಾಗ ನಡುವಿನ ಕೆಲವು ಧ್ವನಿಗಳು ದಾರಿ ಬಿಡುತ್ತವೆ, ಕೆಲವು ತಡೆಯುತ್ತವೆ. ಈ ಭೇದಕ್ಕೆ ಕಾರಣವೇನೆಂಬ ಪ್ರಶ್ನೆಯನ್ನು ಸಂಸ್ಕೃತದ ಣತ್ವದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಒಂದೇ ಪದದೊಳಗೆ ರ, ಷ ಅಥವಾ ಋ ವರ್ಣದ ಮುಂದೆ ಬರುವ ದಂತ್ಯ ನಕಾರವು ಮೂರ್ಧನ್ಯ ಣಕಾರವಾಗುತ್ತದೆ. 'ರಾಮೇಣ' ಎಂಬಲ್ಲಿ ಮಕಾರವೂ 'ಮೃಗೇಣ' ಎಂಬಲ್ಲಿ ಗಕಾರವೂ ಅಡ್ಡಿಯಾಗುವುದಿಲ್ಲ. ಆದರೆ 'ರಥೇನ', 'ಅರ್ಜುನ', 'ದರ್ಶನ', 'ಸರಲೇನ' ಎಂಬ ರೂಪಗಳಲ್ಲಿ ನಕಾರವು ದಂತ್ಯವಾಗಿಯೇ ಉಳಿಯುತ್ತದೆ. ಪಾಣಿನಿಯು ಅಷ್ಟಾಧ್ಯಾಯಿಯ 8.4.2ನೆಯ ಸೂತ್ರದಲ್ಲಿ ದಾರಿ ಬಿಡುವ ವರ್ಣಗಳನ್ನು ಪಟ್ಟಿ ಮಾಡುತ್ತಾನೆ. ಸ್ವರಗಳು ಹಾಗೂ ಹ, ಯ, ವ, ರ ವರ್ಣಗಳನ್ನು ಒಳಗೊಂಡ ಅಟ್ ಪ್ರತ್ಯಾಹಾರ, ಕವರ್ಗ ಮತ್ತು ಪವರ್ಗಗಳು ಅದರಲ್ಲಿ ಮುಖ್ಯವಾದವು. ಚವರ್ಗ, ಟವರ್ಗ, ತವರ್ಗ, ಲ, ಶ, ಸ ವರ್ಣಗಳು ಆ ಪಟ್ಟಿಯಲ್ಲಿಲ್ಲ.

ಪಟ್ಟಿಯ ಹಿಂದಿನ ಕಾರಣವನ್ನು ವಿಟ್ನಿ 1879ರ ತಮ್ಮ ಸಂಸ್ಕೃತ ವ್ಯಾಕರಣದಲ್ಲಿ ಉಚ್ಚಾರಣೆಯ ನೆಲೆಯಿಂದ ಸೂಚಿಸಿದರು. ಹಿಂದಕ್ಕೆ ಬಾಗಿದ ನಾಲಗೆಯ ತುದಿಯು, ಬೇರೊಂದು ಧ್ವನಿಯು ತನ್ನ ಕೆಲಸಕ್ಕೆ ಅದನ್ನು ಎಳೆದುಕೊಳ್ಳುವವರೆಗೆ, ಅದೇ ನಿಲುವಿನಲ್ಲಿರುತ್ತದೆ ಎಂಬುದು ಅವರ ವಿವರಣೆಯ ತಿರುಳು. 1968ರಲ್ಲಿ ಚಾಮ್‌ಸ್ಕಿ ಮತ್ತು ಹಾಲೆ ರೂಪಿಸಿದ ಚೌಕಟ್ಟಿನಲ್ಲಿ ಈ ಒಳನೋಟಕ್ಕೆ ಸ್ಥಾನವಿರಲಿಲ್ಲ. ಅಲ್ಲಿ ಧ್ವನಿಯೆಂದರೆ ಕ್ರಮವಿಲ್ಲದ ಲಕ್ಷಣಗಳ ಗುಚ್ಛ. ನಡುವಿನ ವ್ಯಂಜನವು ಕರೋನಲ್ ಆಗಿರಬಾರದೆಂಬ ಷರತ್ತನ್ನು ನಿಯಮದಲ್ಲಿ ಬರೆಯಬಹುದಿತ್ತು. ಆದರೆ ಅದು ಘೋಷವಾಗಿರಬಾರದೆಂಬ ಷರತ್ತನ್ನೂ ಅಷ್ಟೇ ಸುಲಭವಾಗಿ ಬರೆಯಬಹುದಿತ್ತು. ಮೊದಲನೆಯದು ಸಹಜ, ಎರಡನೆಯದು ವಿಚಿತ್ರ ಎಂದು ಹೇಳುವ ಸಾಧನ ಆ ಸಿದ್ಧಾಂತದಲ್ಲಿರಲಿಲ್ಲ.

ಆ ಸಾಧನವು ಎರಡು ಹಂತಗಳಲ್ಲಿ ಒದಗಿತು. ಗೋಲ್ಡ್‌ಸ್ಮಿತ್ 1976ರಲ್ಲಿ ಲಕ್ಷಣಗಳನ್ನು ಪ್ರತ್ಯೇಕ ಸ್ತರಗಳಲ್ಲಿಟ್ಟು, ಒಂದೇ ಸ್ತರದ ಸಂಬಂಧರೇಖೆಗಳು ಪರಸ್ಪರ ಛೇದಿಸಬಾರದೆಂದರು. ಕ್ಲೆಮೆಂಟ್ಸ್ 1985ರಲ್ಲಿ ಲಕ್ಷಣಗಳನ್ನು ಮರದ ಕೊಂಬೆಗಳಂತೆ ಜೋಡಿಸಿದರು. ಸೇಗಿ 1986ರಲ್ಲಿ ಸ್ಥಾನದ ನೋಡ್‌ನ ಕೆಳಗೆ ತುಟಿ, ನಾಲಗೆಯ ಮುಂಭಾಗ, ನಾಲಗೆಯ ಹಿಂಭಾಗಗಳಿಗೆ ಲೇಬಿಯಲ್, ಕರೋನಲ್, ಡಾರ್ಸಲ್ ಎಂಬ ಮೂರು ನೋಡ್‌ಗಳನ್ನು ಕಲ್ಪಿಸಿದರು. ಅದೇ ವರ್ಷ ಷೈನ್ ಮತ್ತು ಸ್ಟೆರಿಯಾಡ್ ಣತ್ವವನ್ನು ಕರೋನಲ್ ನೋಡ್‌ನ ಪ್ರಸರಣವೆಂದು ವಿಶ್ಲೇಷಿಸಿದರು. 'ರಾಮೇಣ' ಎಂಬಲ್ಲಿ ಮಕಾರಕ್ಕೆ ಇರುವುದು ಲೇಬಿಯಲ್ ನೋಡ್ ಮಾತ್ರ. ರಕಾರದಿಂದ ನಕಾರಕ್ಕೆ ಎಳೆದ ರೇಖೆಗೆ ಅಲ್ಲಿ ಎದುರಾಗುವುದು ಏನೂ ಇಲ್ಲ. 'ರಥೇನ' ಎಂಬಲ್ಲಿ ಥಕಾರಕ್ಕೆ ತನ್ನದೇ ಕರೋನಲ್ ನೋಡ್ ಇದೆ. ಹೊಸ ರೇಖೆಯು ಅದರ ರೇಖೆಯನ್ನು ಛೇದಿಸಬೇಕಾಗುತ್ತದೆ, ಆದ್ದರಿಂದ ಪ್ರಸರಣವು ನಿಲ್ಲುತ್ತದೆ. 'ಕಾರ್ಯೇಣ' ಎಂಬಲ್ಲಿ ತಾಲವ್ಯ ಯಕಾರವು ದಾರಿ ಬಿಡುವುದೂ ಇದಕ್ಕೆ ವಿರೋಧವಲ್ಲ. 'ಇತಿ' ಮತ್ತು 'ಆದಿ' ಸೇರಿ 'ಇತ್ಯಾದಿ' ಆಗುವಂತೆ ಯಕಾರವು ಇಕಾರದ ವ್ಯಂಜನರೂಪ. ಸ್ವರಗಳಂತೆ ಅದಕ್ಕೂ ಕರೋನಲ್ ನೋಡ್ ಇಲ್ಲವೆನ್ನಲು ಇದು ಸ್ವತಂತ್ರ ಆಧಾರ.

ಅಪೂರ್ಣ ನಿರ್ದೇಶನದ ಸಿದ್ಧಾಂತವು ತೊಡಕನ್ನು ತರುವುದು ಇಲ್ಲಿಯೇ. ಊಹಿಸಬಹುದಾದ ಲಕ್ಷಣಗಳನ್ನು ಆಂತರಿಕ ರೂಪದಲ್ಲಿ ನಮೂದಿಸಬೇಕಿಲ್ಲ ಎಂಬುದು ಅದರ ಮೂಲತತ್ತ್ವ. ಪಶ್ಚಿಮ ಆಫ್ರಿಕಾದ ಫುಲಾ ಮೊದಲಾದ ಭಾಷೆಗಳಲ್ಲಿ ಸ್ವರಪ್ರಸರಣವು ಕರೋನಲ್‌ಗಳನ್ನಷ್ಟೇ ದಾಟಿಹೋಗುವುದನ್ನು ತೋರಿಸಿ, ಪ್ಯಾರಡಿ ಮತ್ತು ಪ್ರೂನೆ 1989ರಲ್ಲಿ ಕರೋನಲ್‌ಗಳಿಗೆ ಸ್ಥಾನದ ನಿರ್ದೇಶನವೇ ಇಲ್ಲವೆಂದು ವಾದಿಸಿದರು. ಸಂಸ್ಕೃತದಲ್ಲಿಯೂ ಹಾಗೆಯೇ ಆಗಿದ್ದರೆ ಥಕಾರವು ದಾರಿ ಬಿಡಬೇಕಿತ್ತು. ವ್ಯತ್ಯಾಸಕಾರಿ ಲಕ್ಷಣಗಳನ್ನಷ್ಟೇ ನಮೂದಿಸುವ ಸೌಮ್ಯ ರೂಪವನ್ನು ಒಪ್ಪಿದರೂ 'ಸರಲೇನ' ಉಳಿಯುತ್ತದೆ. ಶಿಷ್ಟ ಸಂಸ್ಕೃತದಲ್ಲಿ ಲಕಾರಕ್ಕೆ ಮೂರ್ಧನ್ಯ ಪ್ರತಿರೂಪವಿಲ್ಲ. ಆದ್ದರಿಂದ ದಂತ್ಯತ್ವವು ಅದರಲ್ಲಿ ವ್ಯತ್ಯಾಸಕಾರಿಯಲ್ಲ. ಹರಡುವುದು ಮೂರ್ಧನ್ಯತ್ವವೆಂಬ ಲಕ್ಷಣವೊಂದೇ ಆಗಿದ್ದರೆ ಲಕಾರವು ಅದನ್ನು ತಡೆಯಬಾರದು. ಅದು ತಡೆಯುವುದರಿಂದ ಎರಡೇ ಮಾರ್ಗಗಳಿವೆ: ಹರಡುವುದು ಇಡೀ ಕರೋನಲ್ ನೋಡ್, ಇಲ್ಲವೇ ಣತ್ವದ ವೇಳೆಗೆ ಬಿಟ್ಟ ಲಕ್ಷಣಗಳೆಲ್ಲ ತುಂಬಿವೆ. ಣತ್ವವು ಅಷ್ಟಾಧ್ಯಾಯಿಯ ಕೊನೆಯ ಭಾಗವಾದ ತ್ರಿಪಾದಿಯಲ್ಲಿ ಬರುವುದು ಎರಡನೆಯ ಮಾರ್ಗಕ್ಕೆ ಹೊಂದುತ್ತದೆ. ಆದರೆ ಈ ಮಾರ್ಗದಲ್ಲಿ ಯಾವ ತಡೆಯನ್ನಾದರೂ 'ಆ ಹೊತ್ತಿಗೆ ತುಂಬಿತ್ತು' ಎಂದು, ಯಾವ ಪಾರದರ್ಶಕತೆಯನ್ನಾದರೂ 'ಇನ್ನೂ ತುಂಬಿರಲಿಲ್ಲ' ಎಂದು ವಿವರಿಸಿಬಿಡಬಹುದು. ಸ್ವತಂತ್ರ ಸಾಕ್ಷ್ಯವಿಲ್ಲದೆಡೆ ಅಂತಹ ವಿವರಣೆಯು ಪರೀಕ್ಷೆಗೆ ಒಳಪಡುವುದಿಲ್ಲ. ಆದಕಾರಣ ಮೊದಲನೆಯ ಮಾರ್ಗವೇ ಹೆಚ್ಚು ಸಮಂಜಸವೆಂಬುದು ನಮ್ಮ ನಿಲುವು.

ಜ್ಯಾಮಿತಿಗೂ ಮಿತಿಯಿದೆ. ಥಕಾರವು ಏಕೆ ತಡೆಯುತ್ತದೆ ಎಂಬುದನ್ನು ಅದು ಹೇಳುತ್ತದೆ. ತಡೆಯುವ ಬದಲು ತಾನೇ ಏಕೆ ಠಕಾರವಾಗುವುದಿಲ್ಲ, ನಕಾರವೇ ಏಕೆ ಗುರಿ ಎಂಬುದನ್ನು ಹೇಳುವುದಿಲ್ಲ. ಕನ್ನಡದ 'ಊರಿನ', 'ರಾಮನಿಗೆ' ಎಂಬ ರೂಪಗಳಲ್ಲಿ ರಕಾರದ ಮುಂದೆ ನಕಾರವು ಬದಲಾಗದೆ ಉಳಿಯುತ್ತದೆ. 'ಬ್ರಾಹ್ಮಣ' ಮುಂತಾದ ತತ್ಸಮಗಳಲ್ಲಿ ನಮಗೆ ದೊರೆತಿರುವುದು ನಿಯಮದ ಫಲ, ನಿಯಮವಲ್ಲ. ಪ್ರಸರಣದ ದಾರಿ ಯಾವುದೆಂದು ಮರದ ರಚನೆಯು ತಿಳಿಸಬಲ್ಲದು. ಪ್ರಸರಣವು ಇದೆಯೋ ಇಲ್ಲವೋ ಎಂಬುದನ್ನು ಆಯಾ ಭಾಷೆಯ ವ್ಯಾಕರಣವೇ ನಿರ್ಧರಿಸುತ್ತದೆ.